ಮೊದಲ ಕರೆಯಲ್ಲೇ ಕೇಳಬೇಕಾದ ವೀಸಾ ಪ್ರಶ್ನೆ

ಅಮೆರಿಕದಲ್ಲಿ ಎಂ.ಎಸ್. ಮುಗಿಸಿ ಕೆಲಸ ಹುಡುಕುವ ನಮ್ಮ ಹುಡುಗರಿಗೆ ದಿನಗಳು ಲೆಕ್ಕದವು. ಎಫ್-1 ವಿದ್ಯಾರ್ಥಿಗೆ ಓದಿನ ಬಳಿಕ ಸಿಗುವ ಕೆಲಸದ ಅನುಮತಿಗೆ ಒಪಿಟಿ ಎನ್ನುತ್ತಾರೆ. ಅದರ ಅವಧಿ 12 ತಿಂಗಳು. ಆ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ನಾಲ್ಕೈದು ಸುತ್ತು ಸಂದರ್ಶನ ಮುಗಿದ ಮೇಲೆ ‘ನಾವು ವೀಸಾ ಸ್ಪಾನ್ಸರ್ ಮಾಡುವುದಿಲ್ಲ’ ಎಂಬ ಉತ್ತರ ಬಂದರೆ, ಕಳೆದ ವಾರಗಳನ್ನು ಯಾರೂ ತಿರುಗಿ ಕೊಡುವುದಿಲ್ಲ.

ಅನೇಕರು ಈ ಮಾತು ಎತ್ತಲು ಅಂಜುತ್ತಾರೆ. ಅಂಜಿ ಪ್ರಯೋಜನವಿಲ್ಲ, ಏಕೆಂದರೆ ಅರ್ಜಿ ನಮೂನೆಯೇ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತದೆ: ಅಮೆರಿಕದಲ್ಲಿ ಕೆಲಸ ಮಾಡಲು ಕಾನೂನಿನ ಅನುಮತಿ ಇದೆಯೇ? ಈಗ ಅಥವಾ ಮುಂದೆ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ? ಒಪಿಟಿ ಕೈಯಲ್ಲಿದ್ದು, ಮುಂದೆ ಎಚ್-1ಬಿ ಬೇಕೆನ್ನುವವರು ಎರಡಕ್ಕೂ ‘ಹೌದು’ ಎನ್ನಬೇಕು. ಎರಡನೆಯದಕ್ಕೆ ‘ಇಲ್ಲ’ ಎಂದು ಬರೆದು ಸಂದರ್ಶನ ಗಿಟ್ಟಿಸಿಕೊಳ್ಳುವುದು ಸುಳ್ಳು ಹೇಳಿದಂತೆ. ಆಮೇಲೆ ಬಯಲಾದರೆ ಕೆಲಸಕ್ಕೇ ಕುತ್ತು.

ರಿಕ್ರೂಟರ್ ಬಳಿ ‘ಸ್ಪಾನ್ಸರ್ ಮಾಡುತ್ತೀರಾ?’ ಎಂದಷ್ಟೇ ಕೇಳಿದರೆ ಸಾಲದು. ಒಬ್ಬ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯ ಒಪಿಟಿ 2025ರ ಜುಲೈ 1ಕ್ಕೆ ಶುರುವಾಯಿತು ಎಂದುಕೊಳ್ಳೋಣ. 2026ರ ಜೂನ್ ಕೊನೆಗೆ ಅದು ಮುಗಿಯುತ್ತದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಮತ್ತೆ 24 ತಿಂಗಳ ವಿಸ್ತರಣೆ ಉಂಟು, ಆದರೆ ಕಂಪನಿ ಸರ್ಕಾರದ ಇ-ವೆರಿಫೈ ವ್ಯವಸ್ಥೆಯಲ್ಲಿ ಇರಲೇಬೇಕು. ಎಚ್-1ಬಿ ಆಯ್ಕೆಗೆ ಹೆಸರು ನೋಂದಾಯಿಸುವುದು ಮಾರ್ಚ್‌ನಲ್ಲಿ, ಅದೂ ಕಂಪನಿಯೇ ಮಾಡಬೇಕು. ವರ್ಷಕ್ಕೆ 65,000 ವೀಸಾ, ಜೊತೆಗೆ ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ 20,000. ಇಷ್ಟಕ್ಕೆ ಪೈಪೋಟಿ ಹೆಚ್ಚು, ಹೆಸರು ಹೋದ ಮಾತ್ರಕ್ಕೆ ಆಯ್ಕೆ ಖಾತ್ರಿಯಲ್ಲ.

ಇ-ವೆರಿಫೈ ಇರುವ ಕಂಪನಿ ಪ್ರತಿ ಸಲವೂ ಹೆಸರು ಕಳಿಸಿದರೆ ಈ ಹುಡುಗನಿಗೆ 2026, 2027, 2028 ಹೀಗೆ ಮೂರು ಮಾರ್ಚ್ ಸಿಗುತ್ತವೆ. ಇ-ವೆರಿಫೈ ಇಲ್ಲದ ಕಡೆ ಒಂದೇ. ಇ-ವೆರಿಫೈ ಇದ್ದೂ ಎಚ್-1ಬಿಗೆ ಹೆಸರು ಕೊಡದ ಕಂಪನಿಯಲ್ಲಿ ಮೂರು ವರ್ಷ ದುಡಿದರೂ ಅಲ್ಲಿಂದ ಒಂದೂ ಅವಕಾಶವಿಲ್ಲ. ಆದ್ದರಿಂದ ಕೇಳಬೇಕಾದದ್ದು ಹೀಗೆ: ‘ನನಗೆ ಈಗ ಕೆಲಸದ ಅನುಮತಿ ಇದೆ. ನಿಮ್ಮ ಕಂಪನಿ ಇ-ವೆರಿಫೈನಲ್ಲಿದೆಯೇ? ಈ ಹುದ್ದೆಗೆ ಎಚ್-1ಬಿ ನೋಂದಣಿ ಮಾಡುತ್ತೀರಾ, ಯಾವ ಮಾರ್ಚ್‌ನಿಂದ?’ ‘ಈ ಹುದ್ದೆಗೆ’ ಎನ್ನುವ ಮಾತು ಮುಖ್ಯ. ಕಂಪನಿ ಬೇರೆ ಯಾರಿಗೋ ಸ್ಪಾನ್ಸರ್ ಮಾಡಿದ್ದರೂ ಈ ತಂಡಕ್ಕೆ ಅದು ಅನ್ವಯಿಸದೇ ಇರಬಹುದು.

‘ಮುಂದೆ ನೋಡೋಣ’ ಎಂಬ ಉತ್ತರವನ್ನು ಒಪ್ಪಿಗೆ ಎಂದು ತಿಳಿಯಬಾರದು. ನೀತಿ ಗೊತ್ತಿಲ್ಲದಿದ್ದರೆ ಎಚ್.ಆರ್. ಬಳಿ ವಿಚಾರಿಸಿ ಇಮೇಲ್ ಕಳಿಸಲು ವಿನಯದಿಂದಲೇ ಕೋರಬಹುದು, ಅದು ಬರುವವರೆಗೆ ಬೇರೆ ಅರ್ಜಿಗಳನ್ನು ನಿಲ್ಲಿಸಬಾರದು. ಬೋಧನೆ, ಸಂಶೋಧನೆಯ ಒಲವುಳ್ಳವರು ವಿಶ್ವವಿದ್ಯಾಲಯಗಳ ಹುದ್ದೆಗಳನ್ನೂ ನೋಡಲಿ: ಅವುಗಳ ಎಚ್-1ಬಿಗೆ ವಾರ್ಷಿಕ ಮಿತಿಯೂ ಇಲ್ಲ, ಮಾರ್ಚ್‌ಗೆ ಕಾಯಬೇಕಾಗಿಯೂ ಇಲ್ಲ.