ಸೂಜಿ ಚುಚ್ಚಿದ ಹೊತ್ತು

ಅಪ್ಪನ ರಿಪೋರ್ಟಿನಲ್ಲಿ ಖಾಲಿ ಹೊಟ್ಟೆಯ ಶುಗರ್ 94 ಎಂದಿತ್ತು. ನೂರರೊಳಗೆ ಬಂತಲ್ಲ ಎಂದು ನಾವೆಲ್ಲ ಸಮಾಧಾನಪಟ್ಟೆವು. ಡಾಕ್ಟರು ಮಾತ್ರ ಹಾಳೆಯ ಮೇಲ್ತುದಿಯ ಸಣ್ಣಕ್ಷರಗಳ ಮೇಲೆ ಬೆರಳಿಟ್ಟರು. ಕಲೆಕ್ಟೆಡ್ 6:40, ರಿಸೀವ್ಡ್ 10:10, ರಿಪೋರ್ಟೆಡ್ 11:40.

"ಮನೆಗೇ ಬಂದು ರಕ್ತ ತಗೊಂಡ್ರಾ? ಟ್ಯೂಬಿನ ಮುಚ್ಚಳ ಯಾವ ಬಣ್ಣ?"

"ಕೆಂಪು ಸಾರ್. ಒಂದೇ ಟ್ಯೂಬು."

ಟ್ಯೂಬಿಗೆ ಬಿದ್ದ ಮೇಲೂ ರಕ್ತಕಣಗಳು ಬದುಕಿರುತ್ತವೆ, ಸುತ್ತಲಿನ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕೋಣೆಯ ಬಿಸಿಯಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ. ಹುಡುಗ ಇನ್ನೂ ಹತ್ತು ಮನೆ ಸುತ್ತಿ ಲ್ಯಾಬ್ ಸೇರುವಷ್ಟರಲ್ಲಿ ಮೂರೂವರೆ ಗಂಟೆ ಕಳೆದಿತ್ತು. ಹಿಂದಕ್ಕೆ ಲೆಕ್ಕ ಹಾಕಿದರೆ, ಸೂಜಿ ಚುಚ್ಚಿದಾಗ ಇದ್ದದ್ದು 112ರಿಂದ 121ರ ನಡುವೆ. ಅಂದರೆ ಮಧುಮೇಹದ ಹೊಸ್ತಿಲು. ಇದು ಅಂದಾಜು ಮಾತ್ರ, ಇದನ್ನೇ ನಂಬಿ ಔಷಧಿ ಬರೆಯುವಂತಿಲ್ಲ. ಡಾಕ್ಟರು ಲ್ಯಾಬಿಗೇ ಹೋಗಿ ಮತ್ತೆ ಕೊಡಲು ಹೇಳಿದರು. ಈ ಸಲ ಬೂದು ಮುಚ್ಚಳದ ಟ್ಯೂಬು. ಅದರೊಳಗಿನ ಫ್ಲೋರೈಡ್ ಕಣಗಳ ಈ ತಿನ್ನಾಟವನ್ನು ತಡೆಯುತ್ತದೆ. 117 ಬಂತು.

ಯಂತ್ರದ ತಪ್ಪೇನೂ ಇರಲಿಲ್ಲ. ಟ್ಯೂಬಿನಲ್ಲಿ ಉಳಿದಿದ್ದ ಸಕ್ಕರೆಯನ್ನು ಅದು ಸರಿಯಾಗಿಯೇ ಅಳೆದಿತ್ತು. ಕಲೆಕ್ಷನ್‌ಗೂ ರಿಸೀವಿಂಗ್‌ಗೂ ನಡುವೆ ಆದದ್ದನ್ನು ಆ ಎರಡು ಸಮಯಗಳಷ್ಟೇ ಹೇಳಬಲ್ಲವು.

ಆದರೆ ಅನೇಕ ಲ್ಯಾಬ್‌ಗಳು 'ಎರಡು ಗಂಟೆಯಲ್ಲಿ ರಿಪೋರ್ಟ್' ಎನ್ನುವಾಗ ಲೆಕ್ಕ ಶುರುವಾಗುವುದು ಟ್ಯೂಬು ತಮ್ಮ ಕೌಂಟರಿಗೆ ಬಂದ ಕ್ಷಣದಿಂದ. ಆ ಲೆಕ್ಕದಲ್ಲಿ ಅಪ್ಪನ ರಿಪೋರ್ಟಿಗೆ ಹಿಡಿದದ್ದು ಒಂದೂವರೆ ಗಂಟೆ, ಅಪ್ಪನ ಲೆಕ್ಕದಲ್ಲಿ ಐದು. ಸಮಯ ಪಾಲಿಸಿದೆವೆಂದು ಲ್ಯಾಬು ಹೇಳಿದರೂ ಸುಳ್ಳಲ್ಲ, ರೋಗಿಗೆ ತಿಳಿಯಬೇಕಾದದ್ದು ಮಾತ್ರ ಅದರಲ್ಲಿಲ್ಲ.

ತಡವೆಲ್ಲವೂ ಲ್ಯಾಬಿನ ಸೋಮಾರಿತನವೂ ಅಲ್ಲ. ರಕ್ತಕಣಗಳ ಎಣಿಕೆಯನ್ನು ಯಂತ್ರ ನಿಮಿಷದಲ್ಲೇ ಮುಗಿಸುತ್ತದೆ. ಮೂತ್ರದ ಕಲ್ಚರ್‌ಗೆ ಬ್ಯಾಕ್ಟೀರಿಯಾ ಬೆಳೆಯಬೇಕು, ಆಮೇಲೆ ಯಾವ ಔಷಧಿಗೆ ಸಾಯುತ್ತದೆ ಎಂದು ನೋಡಬೇಕು. ಎರಡು ಮೂರು ದಿನ ಬೇಕೇ ಬೇಕು. ಕ್ಷಯದ ಕಲ್ಚರ್ ಆರು ವಾರ ಕೇಳುತ್ತದೆ. ಹಾಗಾಗಿ ಎಲ್ಲ ಪರೀಕ್ಷೆಗಳನ್ನೂ ಕಲೆಸಿ ತೆಗೆದ ಸರಾಸರಿ ಯಾರಿಗೂ ಉಪಯೋಗವಿಲ್ಲ. ಪರೀಕ್ಷೆ ಪರೀಕ್ಷೆಗೂ ಬೇರೆ ಗಡುವಿರಬೇಕು, ಅದನ್ನು ದಾಟಿದ ಟ್ಯೂಬುಗಳನ್ನು ಎಣಿಸಬೇಕು.

ಇದೆಲ್ಲ ನಿಲ್ಲುವುದು ಮೊದಲ ಸಮಯ ನಿಜವಾಗಿದ್ದರೆ. ಕೆಲವು ಕಡೆ ಬಿಲ್ ಮಾಡಿದ ಗಳಿಗೆಯೇ ಕಲೆಕ್ಷನ್ ಸಮಯವಾಗಿ ಬೀಳುತ್ತದೆ, ಇಲ್ಲವೇ ಲ್ಯಾಬಿಗೆ ಬಂದು ಎಲ್ಲವನ್ನೂ ಒಟ್ಟಿಗೆ ಸ್ಕ್ಯಾನ್ ಮಾಡುತ್ತಾರೆ. ಮನೆಯಲ್ಲಿ ಕೊಟ್ಟ ರಕ್ತಕ್ಕೆ ಕಲೆಕ್ಟೆಡ್ 10:08, ರಿಸೀವ್ಡ್ 10:10 ಎಂದಿದ್ದರೆ ಅದು ನಂಬುವ ಮಾತಲ್ಲ. ಅಂಥ ಹಾಳೆಯಲ್ಲಿ ನಮ್ಮ ಡಾಕ್ಟರಿಗೂ ಅಪ್ಪನ 94 ಸರಿಯಾಗಿಯೇ ಕಂಡಿರುತ್ತಿತ್ತು.

ಈಗ ಹುಡುಗ ಬಂದರೆ ಅಪ್ಪ ಮೊದಲು ಮುಚ್ಚಳದ ಬಣ್ಣ ನೋಡುತ್ತಾರೆ. ಸೂಜಿ ತೆಗೆದ ಮೇಲೆ, ಹತ್ತಿ ಒತ್ತಿಕೊಂಡೇ ಗೋಡೆ ಗಡಿಯಾರ ನೋಡಿ, "ಆರು ನಲವತ್ತೈದು, ಇಲ್ಲೇ ಬರ್ಕೊಳಪ್ಪ" ಅನ್ನುತ್ತಾರೆ.