ಒಂಬತ್ತು ಇಂಚಿನ ಪಿಲ್ಲರ್‌ಗೆ ಪಟ್ಟಿ ಸುತ್ತಿದರೆ ಎಷ್ಟು ಬಲ?

ಸಹಕಾರನಗರದ ಯಾವ ಅಡ್ಡರಸ್ತೆಗೆ ಹೋದರೂ ಒಂದೇ ಬಗೆಯ ಮನೆಗಳು ಕಣ್ಣಿಗೆ ಬೀಳುತ್ತವೆ. ಕೆಳಗೆ ಕಾರು ನಿಲ್ಲಿಸಲು ಗೋಡೆಯಿಲ್ಲದ ಜಾಗ, ಅದರ ಮೇಲೆ ಮೂರು ಮಹಡಿ, ಎಲ್ಲವನ್ನೂ ಹೊತ್ತು ನಿಂತ ಹತ್ತು ಹನ್ನೆರಡು ಪಿಲ್ಲರ್. ಆ ಪಿಲ್ಲರ್‌ಗಳು ಬಹುಪಾಲು 9 ಇಂಚು ಅಗಲ, 18 ಇಂಚು ಉದ್ದ. ಎಂದರೆ 230 ಮಿಮೀ, 450 ಮಿಮೀ. ಮೇಲಿನ ಮನೆಗಳಲ್ಲಿ ಪಿಲ್ಲರ್ ಗೋಡೆಯೊಳಗೆ ಅಡಗಲಿ, ಮೂಲೆಯಲ್ಲಿ ಎದ್ದು ಕಾಣದಿರಲಿ ಎಂದು ಈ ಚಪ್ಪಟೆ ಆಕಾರ. ನೋಟಕ್ಕೆಂದು ಆರಿಸಿದ ಈ ಆಕಾರವೇ ಮುಂದೊಂದು ದಿನ ಪಿಲ್ಲರ್‌ಗೆ ಬಲ ತುಂಬಲು ಹೊರಟಾಗ ಅಡ್ಡ ನಿಲ್ಲುತ್ತದೆ. ಹೇಗೆಂದು ಒಂದು ಮನೆಯ ಲೆಕ್ಕ ಹಿಡಿದು ಹೇಳುತ್ತೇನೆ.

ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರ ಮನೆ ಅದು. ಮೇಲೆ ಮಗನಿಗೆ ಇನ್ನೊಂದು ಮಹಡಿ ಕಟ್ಟಿಸಬೇಕೆಂದು ಅವರ ಆಸೆ. ಅದಕ್ಕೂ ಮುಂಚೆ ಕೆಳಗಿನ ಪಿಲ್ಲರ್‌ಗಳನ್ನು ಪರೀಕ್ಷಿಸೋಣ ಎಂದೆ. ಸುತ್ತಿಗೆ ತಟ್ಟಿದಾಗ ನಡುವಿನ ಒಂದು ಪಿಲ್ಲರ್ ಮಾತ್ರ ಉಳಿದವುಗಳಂತೆ ಟಣ್ ಎನ್ನದೆ ಮಂದವಾಗಿ ಸದ್ದು ಮಾಡಿತು. ಕಂಬಿಗಳನ್ನು ತಪ್ಪಿಸಿ ಮೂರು ಕಡೆ ಕೊರೆದು ಕೋರ್ ತೆಗೆಸಿದೆವು. ನಕ್ಷೆಯಲ್ಲಿ ಎಂ20 ಎಂದಿತ್ತು, ಅಂದರೆ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳುವ ಕಾಂಕ್ರೀಟ್. ಲ್ಯಾಬ್‌ನಲ್ಲಿ ಬಂದದ್ದು 15. ಕೋರ್‌ನ ಮೈತುಂಬ ಸಣ್ಣ ಸಣ್ಣ ತೂತು. ಸುರಿಯುವಾಗ ನೀರು ಹೆಚ್ಚಾಗಿ, ವೈಬ್ರೇಟರ್ ಸರಿಯಾಗಿ ಆಡದಿದ್ದರೆ ಕಾಣುವ ಗುರುತು ಅದು.

ಐಎಸ್ 456 ಎಂಬ ನಮ್ಮ ಕಾಂಕ್ರೀಟ್ ಸಂಹಿತೆಯಲ್ಲಿ ನೇರ ಭಾರ ಹೊರುವ ಗಿಡ್ಡ ಪಿಲ್ಲರ್‌ಗೆ ಒಂದು ಸರಳ ಸೂತ್ರವಿದೆ:

```
Pu = 0.4 fck Ac + 0.67 fy Asc
```

ಮೊದಲ ಭಾಗ ಕಾಂಕ್ರೀಟಿನ ಪಾಲು, ಎರಡನೆಯದು ಕಂಬಿಯ ಪಾಲು. ಈ ಪಿಲ್ಲರ್‌ನಲ್ಲಿ 16 ಮಿಮೀ ದಪ್ಪದ ಆರು ಕಂಬಿಗಳಿವೆ. 10 ಕಿಲೋನ್ಯೂಟನ್ ಎಂದರೆ ಸುಮಾರು ಒಂದು ಟನ್ ಎಂದಿಟ್ಟುಕೊಳ್ಳಿ. ಎಂ20 ಆಗಿದ್ದರೆ ಪಿಲ್ಲರ್ 115 ಟನ್ ಹೊರಬೇಕಿತ್ತು. 15ರ ಲೆಕ್ಕದಲ್ಲಿ 95 ಟನ್ ಮಾತ್ರ.

ಇನ್ನು ಅದರ ಮೇಲಿರುವ ಹೊರೆ. ಅದರ ಪಾಲಿಗೆ ಬರುವ ನೆಲ ಪ್ರತಿ ಮಹಡಿಯಲ್ಲೂ 14 ಚದರ ಮೀಟರ್. ಮೋಲ್ಡ್, ಬೀಮ್, ಗೋಡೆ, ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 1.2 ಟನ್ ಹಿಡಿದೆ. ನಾಲ್ಕು ಮೋಲ್ಡ್‌ಗೆ 67 ಟನ್. ಸಂಹಿತೆ ಕೇಳುವ ಒಂದೂವರೆ ಪಟ್ಟು ಸುರಕ್ಷತೆ ಸೇರಿಸಿದರೆ 101 ಟನ್. ಬೇಕಾದದ್ದು 101, ಇರುವುದು 95. ಮನೆ ಇಂದು ನಾಳೆ ಬೀಳುವುದಿಲ್ಲ. ಆದರೆ ಇರಬೇಕಾದ ಅಂತರ ಕರಗಿದೆ. ಹೊಸ ಮಹಡಿಯ ಮಾತು ಆಮೇಲೆ, ಮೊದಲು ಈ ಆರು ಟನ್ ತುಂಬಬೇಕು.

ಮೇಸ್ತ್ರಿ ಹೇಳಿದ ಪರಿಹಾರ ಕಾರ್ಬನ್ ಫೈಬರ್ ಸುತ್ತುವುದು. ಕಪ್ಪು ಬಟ್ಟೆಯಂಥ ಹಾಳೆಯನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ ಪಿಲ್ಲರ್‌ಗೆ ಸುತ್ತುತ್ತಾರೆ. ಒಂದು ಸುತ್ತಿನಲ್ಲಿರುವ ನಾರಿನ ದಪ್ಪ ಮಿಲಿಮೀಟರಿನ ಆರನೇ ಒಂದು ಭಾಗದಷ್ಟೇ. ಜಾಗ ತಿನ್ನುವುದಿಲ್ಲ, ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಅಷ್ಟು ತೆಳ್ಳಗಿನ ಬಟ್ಟೆ ಟನ್‌ಗಟ್ಟಲೆ ಭಾರ ಹೊರುವುದು ಹೇಗೆ?

ಅದು ಭಾರ ಹೊರುವುದೇ ಇಲ್ಲ. ಅಕ್ಕಿಯನ್ನು ನೆಲಕ್ಕೆ ಸುರಿದು ಅದರ ಮೇಲೆ ನಿಂತರೆ ಕಾಲು ಕುಸಿಯುತ್ತದೆ. ಅದೇ ಅಕ್ಕಿಯನ್ನು ಗೋಣಿಚೀಲದಲ್ಲಿ ಬಿಗಿಯಾಗಿ ತುಂಬಿ ಹೊಲಿದರೆ ಒಂದರ ಮೇಲೊಂದು ಎಂಟು ಮೂಟೆ ಒಟ್ಟಬಹುದು. ಭಾರ ಹೊತ್ತದ್ದು ಅಕ್ಕಿ. ಅದು ಪಕ್ಕಕ್ಕೆ ಜಾರದಂತೆ ತಡೆದದ್ದು ಚೀಲ. ಕಾಂಕ್ರೀಟ್ ಕೂಡ ಮೇಲಿಂದ ಒತ್ತಿದಾಗ ಪಕ್ಕಕ್ಕೆ ಉಬ್ಬುತ್ತದೆ, ಉದ್ದುದ್ದ ಸೀಳುತ್ತದೆ, ಹಾಗೆಯೇ ಸಾಯುತ್ತದೆ. ಸುತ್ತಲಿಂದ ಅದುಮಿ ಹಿಡಿದರೆ ಸೀಳುವುದು ತಡವಾಗುತ್ತದೆ. 1928ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಿಚರ್ಟ್ ಮತ್ತು ಸಂಗಡಿಗರು ಇದನ್ನು ಅಳೆದರು: ಪಕ್ಕದಿಂದ ಒಂದು ಪಾಲು ಒತ್ತಿದರೆ ಉದ್ದಕ್ಕೆ ಸುಮಾರು ನಾಲ್ಕು ಪಾಲು ಬಲ ಹೆಚ್ಚುತ್ತದೆ. ನಾರಿನ ಸುತ್ತಿಗೆ ಈಗ ಅಮೆರಿಕದ ಎಸಿಐ ಮಾರ್ಗಸೂಚಿ ಬಳಸುವ ಗುಣಕ 3.3. ಒಂದು ಮಾತು ನೆನಪಿರಲಿ: ಸುತ್ತಿದ ಕೂಡಲೇ ಅದು ಅದುಮುವುದಿಲ್ಲ. ಕಾಂಕ್ರೀಟ್ ಉಬ್ಬಲು ಹೊರಟಾಗಲೇ ನಾರು ಬಿಗಿಯುತ್ತದೆ; ಅಲ್ಲಿಯವರೆಗೆ ಸುಮ್ಮನಿರುತ್ತದೆ.

ನಮ್ಮ ಪಿಲ್ಲರ್‌ನಷ್ಟೇ ವಿಸ್ತೀರ್ಣವಿರುವ ಒಂದು ದುಂಡು ಪಿಲ್ಲರ್ ಇತ್ತೆಂದುಕೊಳ್ಳಿ. ವ್ಯಾಸ 363 ಮಿಮೀ. ಎರಡು ಸುತ್ತು ಕಾರ್ಬನ್ ಹಾಕಿದರೆ ಅದು ಕೊಡುವ ಅದುಮು ಚದರ ಮಿಲಿಮೀಟರಿಗೆ 3.3 ನ್ಯೂಟನ್. ಈ ಲೆಕ್ಕದಲ್ಲಿ ಕಾಂಕ್ರೀಟಿನ ಬಲವನ್ನು ಸಿಲಿಂಡರ್ ಅಳತೆಯಲ್ಲಿ ಹಿಡಿಯಬೇಕು. ಕ್ಯೂಬ್‌ನ 15 ಅಲ್ಲಿ 12 ಆಗುತ್ತದೆ. ಸುತ್ತಿದ ಮೇಲೆ ಆ 12 ಏರಿ 22 ದಾಟುತ್ತದೆ. ಹೆಚ್ಚುಕಡಿಮೆ ಎರಡು ಪಟ್ಟು! ಜಾಹೀರಾತಿನ ಪುಸ್ತಿಕೆಗಳಲ್ಲಿ ಕಾಣುವ ದೊಡ್ಡ ಸಂಖ್ಯೆಗಳೆಲ್ಲ ಇಂಥ ದುಂಡು ಪಿಲ್ಲರ್‌ಗಳವು.

ನಮ್ಮದು ಚಪ್ಪಟೆ. ಚೌಕ ಡಬ್ಬಿಗೆ ಹಗ್ಗ ಬಿಗಿದು ನೋಡಿ: ಮೂಲೆಗಳಲ್ಲಿ ಹಗ್ಗ ಕಚ್ಚುತ್ತದೆ, ನಡುವೆ ಬೆರಳು ತೂರಿಸಬಹುದು. ನಾರಿನ ಕಥೆಯೂ ಅದೇ. ಮೂಲೆ ಬಿಟ್ಟರೆ ಉಳಿದ ಮೈಯಲ್ಲಿ ಅದು ಸಪಾಟಾಗಿ ನಿಂತು, ಕಾಂಕ್ರೀಟ್ ಉಬ್ಬಿದಾಗ ತಾನೂ ಉಬ್ಬುತ್ತದೆ, ತಡೆಯುವುದಿಲ್ಲ. ಮೂಲೆಯಿಂದ ಮೂಲೆಗೆ ಕಮಾನಿನಂತೆ ಹರಿಯುವ ಒತ್ತಡದ ಒಳಗಿರುವ ಕಾಂಕ್ರೀಟಿಗಷ್ಟೇ ಲಾಭ. ಮೂಲೆಗಳನ್ನು 25 ಮಿಮೀ ಗುಂಡಗೆ ಉಜ್ಜಿದರೂ ನಮ್ಮ ಪಿಲ್ಲರ್‌ನಲ್ಲಿ ಆ ಭಾಗ ಸುಮಾರು ಅರ್ಧ, 0.53. ಅದರ ಮೇಲೆ ಅಗಲ ಭಾಗಿಸು ಉದ್ದ, ಅದರ ವರ್ಗ, ಎಂಬ ಇನ್ನೊಂದು ಕಡಿತವಿದೆ: 230ನ್ನು 450ರಿಂದ ಭಾಗಿಸಿ ವರ್ಗ ಮಾಡಿದರೆ 0.26. ಎರಡನ್ನೂ ಗುಣಿಸಿದರೆ ಉಳಿಯುವುದು 0.14. ಅಂದರೆ ಹಾಕಿದ ನಾರಿನಲ್ಲಿ ಏಳನೇ ಒಂದು ಪಾಲಷ್ಟೇ ದುಡಿಯುತ್ತದೆ. ಅದುಮುವ ಒತ್ತಡವೂ ಇಲ್ಲಿ 3.3 ಅಲ್ಲ, 2.4. ಕೊನೆಗೆ 12 ಇದ್ದ ಬಲ 13 ಆಗುತ್ತದೆ. ಪಿಲ್ಲರ್‌ನ ಲೆಕ್ಕಕ್ಕೆ ತಂದರೆ 5 ಟನ್ ಗಳಿಕೆ. ದುಂಡು ಪಿಲ್ಲರ್‌ನಲ್ಲಿ ಹತ್ತು ಹೆಚ್ಚಿಸಿದ ಅದೇ ಬಟ್ಟೆ, ಅದೇ ಅಂಟು, ಇಲ್ಲಿ ಹೆಚ್ಚಿಸಿದ್ದು ಒಂದು. ಉದ್ದ ಅಗಲದ ಎರಡು ಪಟ್ಟಿಗಿಂತ ಹೆಚ್ಚಾದರೆ ಮಾರ್ಗಸೂಚಿ ಈ ಲಾಭವನ್ನು ಲೆಕ್ಕಕ್ಕೇ ಸೇರಿಸಬೇಡಿ ಎನ್ನುತ್ತದೆ. 9ಕ್ಕೆ 18 ಆ ಗಡಿಯ ಅಂಚಿನಲ್ಲಿದೆ.

95 ಮತ್ತು 5 ಸೇರಿ 100. ಬೇಕಾದದ್ದು 101. ಇನ್ನೊಂದು ಸುತ್ತು ಹಾಕಿದರೆ ಕಾಗದದ ಮೇಲೆ ದಡ ಸೇರುತ್ತದೆ ನಿಜ. ಆದರೆ ಕಾರು ನಿಲ್ಲುವ ಜಾಗದಲ್ಲಿ, ಬೆಂಕಿ ಬಿದ್ದರೆ ಬೇಗ ಮೆತ್ತಗಾಗುವ ಎಪಾಕ್ಸಿಯನ್ನು ನಂಬಿ, ಒಂದೆರಡು ಟನ್ನಿನ ಅಂತರದಲ್ಲಿ ಒಂದು ಸಂಸಾರವನ್ನು ಮೇಲೆ ಮಲಗಿಸಲು ನನಗೆ ಮನಸ್ಸು ಬರಲಿಲ್ಲ. ಸುತ್ತುವುದು ಕೆಟ್ಟ ವಿಧಾನವಲ್ಲ. ದುಂಡು ಪಿಲ್ಲರ್‌ಗೆ, ಚೌಕ ಪಿಲ್ಲರ್‌ಗೆ, ಭೂಕಂಪದಲ್ಲಿ ಒಮ್ಮೆಗೇ ಒಡೆಯದಂತೆ ತಡೆಯಲು ಅದು ಬಹಳ ಒಳ್ಳೆಯದು. ಒಳಗಿನ ಕಂಬಿ ತುಕ್ಕು ಹಿಡಿದಿದ್ದರೆ ಮಾತ್ರ ಅದನ್ನು ಬಿಡಿಸಿ ಶುಚಿ ಮಾಡದೆ ಸುತ್ತಬಾರದು. ತುಕ್ಕು ಒಳಗೊಳಗೇ ಬೆಳೆಯುತ್ತದೆ, ಕಪ್ಪು ಬಟ್ಟೆ ಅದನ್ನು ಮುಚ್ಚಿಡುತ್ತದೆ.

ಉಳಿದದ್ದು ಜಾಕೆಟಿಂಗ್, ಹಳೆಯ ಪಿಲ್ಲರ್ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಹೊದಿಸುವುದು. ಐಎಸ್ 15988 ಪ್ರಕಾರ ಹೊದಿಕೆಯ ದಪ್ಪ ಕನಿಷ್ಠ 100 ಮಿಮೀ, ಅದರ ಕಾಂಕ್ರೀಟ್ ಹಳೆಯದಕ್ಕಿಂತ ಕನಿಷ್ಠ 5 ಅಂಕ ಬಲವಾಗಿರಬೇಕು. ನಾಲ್ಕೂ ಕಡೆ 100 ಸೇರಿಸಿದರೆ ನಮ್ಮ ಪಿಲ್ಲರ್ 430 ಮಿಮೀ, 650 ಮಿಮೀ ಆಗುತ್ತದೆ. ಎಂ25 ಕಾಂಕ್ರೀಟ್, 12 ಮಿಮೀ ಕಂಬಿ ಎಂಟು, 100 ಮಿಮೀಗೊಂದು 8 ಮಿಮೀ ರಿಂಗ್. ಸೂತ್ರಕ್ಕೆ ಹಾಕಿದರೆ ಹೊದಿಕೆಯೊಂದೇ 200 ಟನ್ ಮೀರುತ್ತದೆ. ಆದರೆ ಹೊಸದು ಹಳೆಯದು ಒಂದೇ ಮೈಯಂತೆ ದುಡಿಯುವುದಿಲ್ಲ ಎಂದು ಸಂಹಿತೆಗೆ ಗೊತ್ತು. ಲೆಕ್ಕಕ್ಕೆ ಬೇಕಾದದ್ದಕ್ಕಿಂತ ಕಾಂಕ್ರೀಟ್ ಒಂದೂವರೆ ಪಟ್ಟು, ಕಂಬಿ ಮೂರನೇ ಒಂದರಷ್ಟು ಹೆಚ್ಚು ಹಾಕಿ ಎನ್ನುತ್ತದೆ. ಆ ಕಡಿತ ಮಾಡಿದರೂ ಹೊದಿಕೆಯ ಪಾಲು 139 ಟನ್. ಒಟ್ಟು 234.

ಈ ಸಂಖ್ಯೆ ನಿಜವಾಗುವುದು ಭಾರ ಹೊದಿಕೆಗೆ ತಲುಪಿದರೆ ಮಾತ್ರ. ಈಗಾಗಲೇ ಇರುವ 67 ಟನ್ ಹಳೆಯ ಪಿಲ್ಲರ್ ಮೇಲೇ ಇದೆ. ಹೊದಿಕೆ ಗಟ್ಟಿಯಾದ ಮೇಲೆ ಬಂದ ಭಾರವನ್ನಷ್ಟೇ ಅದು ಹಂಚಿಕೊಳ್ಳುತ್ತದೆ. ಆದ್ದರಿಂದ ಬೀಮ್‌ಗಳ ಕೆಳಗೆ ಜ್ಯಾಕ್ ಕೊಟ್ಟು ಸಾಧ್ಯವಾದಷ್ಟು ಭಾರ ಎತ್ತಿ, ಆಮೇಲೆ ಕೆಲಸ ಶುರು ಮಾಡಬೇಕು. ಹಳೆಯ ಪ್ಲಾಸ್ಟರ್ ತೆಗೆದು, ಜಲ್ಲಿ ಕಾಣುವ ತನಕ ಮೈ ಒರಟು ಮಾಡಬೇಕು. ಹೊಸ ಕಂಬಿ ಕೆಳಗೆ ಫುಟಿಂಗ್‌ನಲ್ಲಿ ಕೊರೆದು ಅಂಟಿಸಿರಬೇಕು, ಮೇಲೆ ಮೋಲ್ಡ್ ತೂರಿ ಹೋಗಬೇಕು. ಎಲ್ಲಕ್ಕಿಂತ ಹೆಚ್ಚು ಮೋಸ ಆಗುವುದು ಬೀಮ್‌ನ ತಳದಲ್ಲಿ. ಹೊಸ ಕಾಂಕ್ರೀಟ್ ಒಣಗುತ್ತಾ ಕುಗ್ಗಿ ಅಲ್ಲಿ ಕೂದಲೆಳೆಯ ಸಂದು ಬಿಡುತ್ತದೆ. ಆ ಸಂದಿನಲ್ಲಿ ಹಾಳೆಯೊಂದು ತೂರಿದರೆ 139 ಟನ್ನಿನ ಹೊದಿಕೆ ಬರೀ ಅಲಂಕಾರ. ಹಾಗಾಗಿ ಕೊನೆಯ ಎರಡು ಇಂಚು ಬಿಟ್ಟು ಕಾಂಕ್ರೀಟ್ ಹಾಕಿಸಿ, ಆ ಜಾಗಕ್ಕೆ ಕುಗ್ಗದ ಗ್ರೌಟ್ ಒತ್ತಿ ತುಂಬಿಸಿದೆವು. ಮಾರನೆಯ ವಾರ ಟಾರ್ಚ್ ಹಿಡಿದು ಸುತ್ತಲೂ ನೋಡಿದೆ. ಸಂದು ಇರಲಿಲ್ಲ.

“234 ಟನ್ ಅಂದ್ರಲ್ಲ ಸರ್, ಹಾಗಾದ್ರೆ ಮೇಲೆ ಇನ್ನೊಂದು ಮಹಡಿ ಕಟ್ಟಬಹುದು ಅಲ್ವಾ?” ಎಂದು ಶಿಕ್ಷಕಿ ಕೇಳಿದರು. ಪಿಲ್ಲರನ್ನು ಕೇಳಿದ್ದರೆ ಹೌದು ಎನ್ನುತ್ತಿತ್ತು. ಐದು ಮೋಲ್ಡ್‌ಗೆ ಬೇಕಾದದ್ದು 126 ಟನ್. ಆದರೆ ಪಿಲ್ಲರ್ ನಿಂತಿರುವುದು ಆರಡಿ ಚೌಕದ ಫುಟಿಂಗ್ ಮೇಲೆ, ಅಂದರೆ 3.35 ಚದರ ಮೀಟರ್. ಆ ಮಣ್ಣಿಗೆ ಚದರ ಮೀಟರಿಗೆ 20 ಟನ್ ಎಂದು ಲೆಕ್ಕ ಹಿಡಿದು ಕಟ್ಟಿದ್ದಾರೆ. ಈಗಿನ 67 ಟನ್‌ಗೆ ಅದು ಸರಿಯಾಗಿ 20. ಇನ್ನೊಂದು ಮಹಡಿ ಬಂದರೆ 25. ಮೇಲಾಗಿ ಒಂದೇ ಪಿಲ್ಲರ್ ದಪ್ಪಗಾಗಿದೆ. ಬಿಗಿತ ಒಂದು ದಿಕ್ಕಿನಲ್ಲಿ ಐದು ಪಟ್ಟು, ಇನ್ನೊಂದರಲ್ಲಿ ಒಂಬತ್ತು ಪಟ್ಟು ಮೀರಿದೆ. ಕಟ್ಟಡ ಪಕ್ಕಕ್ಕೆ ಅಲುಗಿದಾಗ ಆ ಬಲವನ್ನು ಬಿಗಿಯಾದ ಪಿಲ್ಲರ್ ತನ್ನತ್ತ ಹೆಚ್ಚು ಎಳೆದುಕೊಳ್ಳುತ್ತದೆ. ಮಹಡಿ ಏರಿಸುವುದಾದರೆ ಎಲ್ಲ ಫುಟಿಂಗ್‌ಗಳನ್ನು ಅಗೆದು ನೋಡಿ, ಅವನ್ನೂ ಎಲ್ಲ ಪಿಲ್ಲರ್‌ಗಳನ್ನೂ ಹೊಸದಾಗಿ ಲೆಕ್ಕ ಹಾಕಬೇಕು.

ಅವರು ಟೇಪು ಹಿಡಿದು ಕಾರಿನ ಜಾಗ ಅಳೆದರು. ನಡುವಿನ ಪಿಲ್ಲರ್ ಪಕ್ಕ ನಾಲ್ಕು ಇಂಚು ಕಡಿಮೆಯಾಗಿತ್ತು, ಬಾಗಿಲು ತೆಗೆಯಲು ಸಾಕಿತ್ತು. ಮಗನಿಗೆ ಕೊಡಿಗೇಹಳ್ಳಿಯಲ್ಲಿ ಬಾಡಿಗೆ ಮನೆ ನೋಡುತ್ತೇವೆ ಎಂದರು.