ಎಲೆಯೊಳಗಿನ ಮಣಿಸರ, ಗದ್ದೆಗೆ ಗೊಬ್ಬರ

ಅಜೋಲ್ಲಾದ ಒಂದು ಎಲೆ ಎಳ್ಳುಕಾಳಿಗಿಂತಲೂ ಚಿಕ್ಕದು. ಅದನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಒಂದು ಹನಿ ನೀರು ಬಿಟ್ಟು, ಮೇಲೊಂದು ತೆಳುಗಾಜು ಮುಚ್ಚಿ ಬೆರಳಿನಿಂದ ಮೆತ್ತಗೆ ಒತ್ತಬೇಕು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಒಡೆದ ಎಲೆಯಿಂದ ಹಸಿರು ಮಣಿಸರಗಳು ಹೊರಗೆ ಚೆಲ್ಲಿಕೊಂಡಿರುವುದು ಕಾಣುತ್ತದೆ. ಅವು ಅನಬೀನಾ ಎಂಬ ನೀಲಿ-ಹಸಿರು ಪಾಚಿಯ ಎಳೆಗಳು. ಪಾಚಿ ಎನ್ನುವುದು ರೂಢಿಯ ಮಾತು. ವಂಶದಲ್ಲಿ ಅವು ಬ್ಯಾಕ್ಟೀರಿಯಾ. ಸರದ ಮಣಿಗಳೆಲ್ಲ ಒಂದೇ ಥರ ಇರುವುದಿಲ್ಲ. ನಡುನಡುವೆ ಕೆಲವು ತುಸು ದೊಡ್ಡದಾಗಿ, ಬಣ್ಣಗೆಟ್ಟು, ದಪ್ಪ ಗೋಡೆ ಹೊದ್ದು ಕೂತಿರುತ್ತವೆ. ಪಕ್ಕದ ಮಣಿಗೆ ತಾಗುವ ತುದಿಯಲ್ಲಿ ಒಂದೊಂದು ಹೊಳೆಯುವ ಚುಕ್ಕೆ. ಇವೇ ಹೆಟರೋಸಿಸ್ಟ್‌ಗಳು.

ಇವು ಯಾತಕ್ಕೆ ಎಂಬುದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಪಾಚಿಗಳ ಅಧ್ಯಯನದಲ್ಲಿ ಹೆಸರಾದ ಎಫ್. ಇ. ಫ್ರಿಟ್ಷ್ 1951ರಲ್ಲೂ ಇದನ್ನು ಸಸ್ಯಶಾಸ್ತ್ರದ ಒಗಟು ಎಂದೇ ಕರೆದರು. 1968ರಲ್ಲಿ ಫೇ, ಸ್ಟೀವರ್ಟ್, ವಾಲ್ಸ್‌ಬಿ ಮತ್ತು ಫಾಗ್ ಎಂಬ ನಾಲ್ವರು, ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ಈ ಕೋಶಗಳಲ್ಲೇ ನಡೆಯುತ್ತಿರಬಹುದು ಎಂದು ವಾದ ಮುಂದಿಟ್ಟರು. ಮುಂದಿನ ಸಂಶೋಧನೆಗಳು ಅದನ್ನು ಖಚಿತಪಡಿಸಿದವು.

ಒಗಟಿನ ಮೂಲದಲ್ಲಿ ಇರುವುದು ಒಂದು ಜಗಳ. ಗಾಳಿಯಲ್ಲಿ ಸಾರಜನಕಕ್ಕೆ ಬರವಿಲ್ಲ, ಆದರೆ ಅದರ ಎರಡೆರಡು ಪರಮಾಣುಗಳು ಬಿಡಿಸಲಾರದಷ್ಟು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಿ ಅಮೋನಿಯಾ ಮಾಡುವ ಕಿಣ್ವದ ಹೆಸರು ನೈಟ್ರೋಜಿನೇಸ್. ಆಮ್ಲಜನಕ ತಾಗಿದರೆ ಸಾಕು, ಈ ಕಿಣ್ವ ಕೆಟ್ಟುಹೋಗುತ್ತದೆ. ಅನಬೀನಾ ಆದರೋ ಬಿಸಿಲಿನಲ್ಲಿ ಆಹಾರ ತಯಾರಿಸುವ ಜೀವಿ. ಹಗಲಿಡೀ ಆಮ್ಲಜನಕ ಬಿಡುವುದೇ ಅದರ ಬಾಳು. ಎರಡೂ ಕೆಲಸ ಒಂದೇ ಕೋಣೆಯಲ್ಲಿ ನಡೆಯುವಂತಿಲ್ಲ.

ಹಾಗಾಗಿ ಕೋಣೆಯೇ ಬೇರೆಯಾಯಿತು. ನೀರಿನಲ್ಲಿ ಸಾರಜನಕದ ಆಹಾರ ತೀರಿದಾಗ ಎಳೆಯ ಹತ್ತಿಪ್ಪತ್ತು ಕೋಶಗಳಿಗೆ ಒಂದರಂತೆ, ಸುಮಾರು ಒಂದು ದಿನದೊಳಗೆ ಹೆಟರೋಸಿಸ್ಟ್ ಆಗಿ ಬದಲಾಗುತ್ತದೆ. ನೀರನ್ನು ಒಡೆದು ಆಮ್ಲಜನಕ ಬಿಡುವ ಯಂತ್ರವನ್ನು ಅದು ನಿಲ್ಲಿಸುತ್ತದೆ, ಬೆಳಕಿನಿಂದ ಶಕ್ತಿ ಪಡೆಯುವ ಇನ್ನೊಂದು ಯಂತ್ರವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹೊರಗಿನ ಗಾಳಿ ಸುಲಭವಾಗಿ ನುಸುಳದಂತೆ ಮೈಸುತ್ತ ಮೇಣದಂಥ ಪದರ ಕಟ್ಟಿಕೊಳ್ಳುತ್ತದೆ. ಇನ್ನು ಮೇಲೆ ತನಗೆ ಬೇಕಾದ ಸಕ್ಕರೆಯನ್ನು ಅದು ತಾನೇ ಮಾಡಿಕೊಳ್ಳಲಾರದು. ಅಕ್ಕಪಕ್ಕದ ಕೋಶಗಳು ಸಕ್ಕರೆ ಕೊಡುತ್ತವೆ, ಇದು ಅವಕ್ಕೆ ಸಾರಜನಕ ಕೊಡುತ್ತದೆ. ಹೀಗೆ ಬದಲಾದ ಕೋಶ ಮತ್ತೆ ಹಿಂದಿನಂತಾಗುವುದಿಲ್ಲ, ಒಡೆದು ಎರಡಾಗುವುದೂ ಇಲ್ಲ. ಬಾಳಿರುವಷ್ಟು ಕಾಲ ಅದಕ್ಕೆ ಇದೊಂದೇ ಕೆಲಸ.

ಭತ್ತದ ಗದ್ದೆಗೆ ಇಂಥ ಪಾಚಿಗಳಿಂದ ಸಾರಜನಕ ಸಿಗುತ್ತದೆ ಎಂದು ನಮ್ಮ ದೇಶದ ವಿಜ್ಞಾನಿ ಪಿ. ಕೆ. ಡೇ 1939ರಲ್ಲೇ ತೋರಿಸಿದ್ದರು. ಆದರೆ ನೀರಿನಲ್ಲಿ ಬಿಡಿಯಾಗಿ ತೇಲುವ ಪಾಚಿಯನ್ನು ನೆಚ್ಚಿ ಕೂರುವುದು ಕಷ್ಟ. ಅದು ನಿಧಾನವಾಗಿ ಹಬ್ಬುತ್ತದೆ, ಬಸವನಹುಳು ಮತ್ತು ಪುಟ್ಟ ನೀರುಹುಳುಗಳ ಹೊಟ್ಟೆ ಸೇರುತ್ತದೆ. ಅಜೋಲ್ಲಾ ಮುಖ್ಯವಾಗುವುದು ಇಲ್ಲಿ. ಇದು ನೀರಿನ ಮೇಲೆ ತೇಲುವ ಪುಟ್ಟ ಜರಿಗಿಡ. ಅದರ ಪ್ರತಿ ಎಲೆಯಲ್ಲೂ ಎರಡು ಹಾಳೆ. ಮೇಲಿನ ದಪ್ಪ ಹಾಳೆಯೊಳಗೆ ಒಂದು ಪೊಟರೆ, ಆ ಪೊಟರೆಯಲ್ಲಿ ಅನಬೀನಾದ ವಾಸ. ಊಟದ ಬಹುಪಾಲು ಗಿಡದ್ದೇ ಆದ್ದರಿಂದ ಪಾಚಿಗೆ ಬೆಳೆಯುವ ಅವಸರವಿಲ್ಲ. ಚಿಗುರಿನ ತುದಿಯಲ್ಲಿರುವ ಎಳೆಗಳಲ್ಲಿ ಹೆಟರೋಸಿಸ್ಟ್ ಇಲ್ಲವೆನ್ನುವಷ್ಟು ಕಡಿಮೆ, ಬಲಿತ ಎಲೆಗೆ ಬಂದರೆ ನೂರು ಕೋಶಕ್ಕೆ ಇಪ್ಪತ್ತರಿಂದ ಮೂವತ್ತು. ಅವು ಹಿಡಿದ ಸಾರಜನಕದ ದೊಡ್ಡ ಪಾಲು ಅಮೋನಿಯಾ ಆಗಿ ಗಿಡಕ್ಕೇ ಹೋಗುತ್ತದೆ. ಗಿಡ ಬೀಜಕ ಕಟ್ಟುವಾಗ ಅದರ ಟೋಪಿಯೊಳಗೆ ಒಂದಿಷ್ಟು ಪಾಚಿಯನ್ನೂ ಇಟ್ಟು ಕಳಿಸುತ್ತದೆ. ಸಂಸಾರ ತಲೆಮಾರಿನಿಂದ ತಲೆಮಾರಿಗೆ ಒಟ್ಟಿಗೇ ಸಾಗುತ್ತದೆ.

ರೈತರು ಇದನ್ನು ಗೊಬ್ಬರವಾಗಿ ಪಳಗಿಸಿದ್ದು ಹೆಟರೋಸಿಸ್ಟ್‌ನ ಗುಟ್ಟು ತಿಳಿಯುವುದಕ್ಕೆ ಎಷ್ಟೋ ಮೊದಲೇ, ಚೀನಾ ಮತ್ತು ವಿಯೆಟ್ನಾಂನಲ್ಲಿ. ವಿಯೆಟ್ನಾಂನ ಥಾಯ್ ಬಿನ್ ಪ್ರಾಂತದ ಲಾ ವಾನ್ ಎಂಬ ಊರಿನವರು ಸುಡುಬೇಸಿಗೆಯಲ್ಲೂ ಅಜೋಲ್ಲಾವನ್ನು ಸಾಯದಂತೆ ಉಳಿಸಿಕೊಳ್ಳುವ ವಿದ್ಯೆ ಬಲ್ಲವರಾಗಿದ್ದರು. ನಾಟಿಯ ಹೊತ್ತಿಗೆ ಸುತ್ತಲಿನ ಊರುಗಳಿಗೆ ಅದರ ಹೆಪ್ಪು ಮಾರುತ್ತಿದ್ದರು. ಬೀಜದಂತೆ ಒಣಗಿಸಿ ಡಬ್ಬಿಯಲ್ಲಿಡುವ ವಸ್ತು ಇದಲ್ಲ. ವರ್ಷವಿಡೀ ಎಲ್ಲೋ ಒಂದು ಕಡೆ ಜೀವಂತವಾಗಿ ಕಾಯಬೇಕು.

ಒಂದು ಎಕರೆಯ ಲೆಕ್ಕ ಹಾಕಿ ನೋಡಬಹುದು. ಕೆಸರು ಮಾಡಿ ಮಟ್ಟ ಹೊಡೆದ ಗದ್ದೆಯಲ್ಲಿ ನಾಲ್ಕು ಬೆರಳು ನೀರು ನಿಲ್ಲಿಸಿ 200 ಕೆಜಿ ಹಸಿ ಅಜೋಲ್ಲಾ ಎರಚಿದರೆಂದುಕೊಳ್ಳೋಣ. ಹವೆ ಹದವಾಗಿದ್ದರೆ ಅದು ನಾಲ್ಕೈದು ದಿನಕ್ಕೆ ದುಪ್ಪಟ್ಟಾಗುತ್ತದೆ. 200 ಇದ್ದದ್ದು 400, 800, 1600 ಹೀಗೆ ಏರಿ ಮೂರು ವಾರದ ಹೊತ್ತಿಗೆ ಸುಮಾರು 4 ಟನ್ ಆಗಿ ನೀರು ಕಾಣದಂತೆ ಕಂಬಳಿ ಹಾಸುತ್ತದೆ. ಆದರೆ ಅದರಲ್ಲಿ ಹೆಚ್ಚಿನದು ಬರೀ ನೀರು. ಒಣಗಿಸಿದರೆ ಉಳಿಯುವುದು ನೂರಕ್ಕೆ ಆರು ಪಾಲು, ಅಂದರೆ 240 ಕೆಜಿ. ಅದರಲ್ಲಿ ಸಾರಜನಕ ನೂರಕ್ಕೆ ನಾಲ್ಕು ಎಂದರೂ ಒಂಬತ್ತೂವರೆ ಕೆಜಿ. 45 ಕೆಜಿಯ ಯೂರಿಯಾ ಚೀಲದಲ್ಲಿ ಹತ್ತಿರ ಹತ್ತಿರ 21 ಕೆಜಿ ಸಾರಜನಕ ಇರುತ್ತದೆ. ಒಂದು ಸಲದ ಅಜೋಲ್ಲಾ ಎಕರೆಗೆ ಅರ್ಧ ಚೀಲ ಯೂರಿಯಾಕ್ಕೆ ತುಸು ಕಡಿಮೆ. ಭತ್ತದ ಪೂರ್ತಿ ಹಸಿವನ್ನು ಇದೊಂದೇ ತೀರಿಸುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು.

ಈ ಒಂಬತ್ತೂವರೆ ಕೆಜಿಯೂ ತೇಲುತ್ತಿರುವ ಅಜೋಲ್ಲಾದಿಂದ ಪೈರಿಗೆ ತಾನಾಗಿ ಸಿಗುವುದಿಲ್ಲ. ಹಲವರು ಎಡವುವುದು ಇಲ್ಲೇ. ಜೀವಂತ ಗಿಡ ತನ್ನ ಸಾರಜನಕವನ್ನು ಮೈಯಲ್ಲೇ ಹಿಡಿದಿರುತ್ತದೆ, ನೀರಿಗೆ ಸೋರುವುದು ಅತ್ಯಲ್ಪ. ಕಂಬಳಿ ಕಟ್ಟಿದ ಮೇಲೆ ನೀರು ಬಸಿದು, ನಾಟಿಗೆ ಮೊದಲೇ ಆದರೆ ಉಳುಮೆಯಲ್ಲಿ ಕೆಸರಿಗೆ ಸೇರಿಸಬೇಕು. ನಾಟಿಯಾದ ವಾರ ಹತ್ತು ದಿನಕ್ಕೆ ಬಿಟ್ಟದ್ದಾದರೆ ಸಾಲಿನ ನಡುವೆ ಕಾಲಿನಿಂದಲೋ ಕೋನೋವೀಡರ್‌ನಿಂದಲೋ ತುಳಿಯಬೇಕು. ಕೊಳೆಯತೊಡಗಿದ ಮೇಲೆ ಮುಂದಿನ ಕೆಲವು ವಾರಗಳಲ್ಲಿ ಸಾರಜನಕ ಬಿಡುಗಡೆಯಾಗುತ್ತದೆ. ತೇಲುವಾಗಲೂ ಉಪಕಾರ ಇಲ್ಲದಿಲ್ಲ: ಕಳೆಗೆ ಬೆಳಕು ತಪ್ಪುತ್ತದೆ, ಮೇಲೆ ಹಾಕಿದ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುವುದೂ ಕಡಿಮೆಯಾಗುತ್ತದೆ.

ಸಾರಜನಕವನ್ನು ಗಾಳಿಯಿಂದ ತರುವ ಈ ಗಿಡ ರಂಜಕವನ್ನು ಎಲ್ಲಿಂದಲೂ ತರಲಾರದು. ನೀರಿನಲ್ಲಿ ರಂಜಕ ಸಾಲದಿದ್ದರೆ ಗಿಡ ಗಿಡ್ಡವಾಗುತ್ತದೆ, ಬೇರು ಉದ್ದವಾಗುತ್ತದೆ, ಬಣ್ಣ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ಎಕರೆಗೆ 10ರಿಂದ 20 ಕೆಜಿ ಸೂಪರ್ ಫಾಸ್ಫೇಟನ್ನು ಎರಡು ಮೂರು ಕಂತಿನಲ್ಲಿ ಹಾಕಬೇಕು. ಕಡು ಬಿಸಿಲಿಗೂ ಚಳಿಗೂ ಅಜೋಲ್ಲಾ ಕೆಂಪಾಗುವುದುಂಟು. ಕಾರಣ ಯಾವುದೆಂದು ತಿಳಿಯಲು ಒಂದು ಮೂಲೆಗೆ ಮಾತ್ರ ಸೂಪರ್ ಫಾಸ್ಫೇಟ್ ಹಾಕಿ ವಾರ ಕಾದರೆ ಸಾಕು. ಅಲ್ಲಿ ಮಾತ್ರ ಹಸಿರು ಮರಳಿದರೆ ಕೊರತೆ ರಂಜಕದ್ದೇ. ಎಲೆಗಳನ್ನು ನೂಲಿನಿಂದ ಹೆಣೆದ ಗಂಟುಗಳು ಕಂಡರೆ ಅದು ಪತಂಗದ ಮರಿಹುಳು. ಅಂಥ ಕಡೆ ತಡಮಾಡದೆ ಅಜೋಲ್ಲಾವನ್ನು ಕೆಸರಿಗೆ ತುಳಿದುಬಿಡುವುದು ಲೇಸು. ಉಷ್ಣಾಂಶ 35 ಡಿಗ್ರಿ ದಾಟಿದರೆ ಬೆಳವಣಿಗೆ ಕುಸಿಯುತ್ತದೆ. ನೀರು ಬತ್ತಿದರಂತೂ ಅದು ಬದುಕುವುದಿಲ್ಲ.

ಕರ್ನಾಟಕದಲ್ಲಿ ಅಜೋಲ್ಲಾ ಇಂದು ಹೆಚ್ಚಾಗಿ ಇರುವುದು ಕೊಟ್ಟಿಗೆಯ ಪಕ್ಕದ ಪ್ಲಾಸ್ಟಿಕ್ ಗುಂಡಿಯಲ್ಲಿ, ಹಸುಕೋಳಿಗಳ ಮೇವಾಗಿ. ಬೇಸಿಗೆಯಲ್ಲಿ ಹೆಪ್ಪು ಉಳಿಸುವ ಕಷ್ಟದ ಕೆಲಸ ಅಲ್ಲಿ ಆಗಲೇ ನಡೆಯುತ್ತಿದೆ. ಅಂಥ ಗುಂಡಿಯೂ ಜೊತೆಗೆ ನೀರಾವರಿ ಗದ್ದೆಯೂ ಇರುವವರು ಈ ಮಳೆಗಾಲದಲ್ಲಿ ಒಂದೇ ಒಂದು ಗುಂಟೆಯಲ್ಲಿ ಪರೀಕ್ಷಿಸಿ ನೋಡಲಿ. ಬೇಕಾಗುವುದು 5 ಕೆಜಿ ಹೆಪ್ಪು, ಮೂರು ವಾರದಲ್ಲಿ ಹಂಚಿ ಹಾಕಲು ಕಾಲು ಕೆಜಿಯಿಂದ ಅರ್ಧ ಕೆಜಿ ಸೂಪರ್ ಫಾಸ್ಫೇಟ್, ಮತ್ತು ಕಂಬಳಿ ಕಟ್ಟಿದ ದಿನ ಅದನ್ನು ಕೆಸರಿಗೆ ತುಳಿಯಲು ಎರಡು ಕಾಲು.